ಮೆಸ್ಸಿನ ಅಡುಗೆಮನೆಯಲ್ಲಿ ಜಾರಿ ಬಿದ್ದು ಕಾಲು ಸುಟ್ಟ ಘಟನೆ: ಪೆಟ್ಟಿಗೆಯಲ್ಲಿ ಏನಿರಬೇಕು, ಪುಸ್ತಕದಲ್ಲಿ ಏನು ಬರೆಯಬೇಕು?

ಮೆಸ್ ಮೇಲ್ವಿಚಾರಕಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ವಿದ್ಯಾರ್ಥಿನಿಯರ ಒಂದು ವಸತಿನಿಲಯದ ಮೆಸ್ಸನ್ನು ನೋಡಿಕೊಳ್ಳುತ್ತೇನೆ. ಸುಮಾರು 200 ಜನರಿಗೆ ಅಡುಗೆಯಾಗುತ್ತದೆ. ಮೂವರು ಅಡುಗೆಯವರು ಮತ್ತು ನಾಲ್ವರು ಸಹಾಯಕಿಯರು ಇದ್ದಾರೆ. ಹುಡುಗಿಯರು ಮಧ್ಯಾಹ್ನದ ಡಬ್ಬಿಯನ್ನು ಬೆಳಿಗ್ಗೆಯೇ ಕಟ್ಟಿಕೊಂಡು ಹೋಗುವುದರಿಂದ ಅನ್ನ ಮತ್ತು ಸಾಂಬಾರು ಏಳೂವರೆಗೆ ಸಿದ್ಧವಾಗಬೇಕು.

ಕಳೆದ ವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಇಬ್ಬರು ಸಹಾಯಕಿಯರು ಆಗತಾನೇ ಒಲೆಯಿಂದ ಇಳಿಸಿದ ಸಾಂಬಾರಿನ ಪಾತ್ರೆಯನ್ನು ಬಡಿಸುವ ಕಟ್ಟೆಗೆ ಒಯ್ಯುತ್ತಿದ್ದಾಗ ಮುಂದಿದ್ದವರ ಕಾಲು ಜಾರಿತು. ಪಾತ್ರೆ ವಾಲಿ ಅವರ ಬಲಪಾದ ಮತ್ತು ಮೊಣಕಾಲಿನ ಕೆಳಭಾಗದ ಮೇಲೆ ಸಾಂಬಾರು ಚೆಲ್ಲಿತು. ಒಬ್ಬರು ಅರಿಶಿನ ಸುರಿದರು, ಇನ್ನೊಬ್ಬರು ಟೂತ್‌ಪೇಸ್ಟ್ ಹಚ್ಚಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕಚೇರಿಯ ಕಪಾಟಿನಲ್ಲಿತ್ತು, ಬೀಗದ ಕೈ ವ್ಯವಸ್ಥಾಪಕರ ಬಳಿ ಇತ್ತು. ಅವರು ಬಂದು ಪೆಟ್ಟಿಗೆ ತೆರೆದರೆ ಒಳಗೆ ಹತ್ತಿಯ ಸುರುಳಿ, ಅವಧಿ ಮುಗಿದ ಅಯೋಡಿನ್ ಮತ್ತು ಒಂದು ಅಂಟುಪಟ್ಟಿ ಮಾತ್ರ ಇದ್ದವು. ಕಾಲಿನ ಮೇಲೆ ಎರಡು ಚೊಂಬು ನೀರು ಬಿದ್ದದ್ದು ಸುಮಾರು ಹದಿನೈದು ನಿಮಿಷದ ಮೇಲೆ. ಆಸ್ಪತ್ರೆ ತಲುಪಿದಾಗ ಎಂಟೂವರೆ ಆಗಿತ್ತು. ಮೊದಲು ಪೇಸ್ಟ್ ಮತ್ತು ಅರಿಶಿನವನ್ನು ತೊಳೆದು ತೆಗೆಯಬೇಕಾಯಿತು, ಆ ಹೊತ್ತಿಗೆ ಪಾದ ಬಾತುಕೊಂಡಿದ್ದರಿಂದ ಕಾಲುಂಗುರವನ್ನು ಕತ್ತರಿಸಬೇಕಾಯಿತು.

ಅಂದು ಸಂಜೆ ನಮ್ಮ ಪುಸ್ತಕದಲ್ಲಿ ದಾಖಲಾದದ್ದು ಒಂದೇ ಸಾಲು: "ಅಜಾಗರೂಕತೆಯಿಂದ ಕಾಲು ಜಾರಿ ಬಿದ್ದು ಸಾಂಬಾರು ಚೆಲ್ಲಿಕೊಂಡರು." ಆ ಸಾಲನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಮೊದಲ ಇಪ್ಪತ್ತು ನಿಮಿಷದಲ್ಲಿ ನಾವು ಏನು ಮಾಡಬೇಕಿತ್ತು, ಪೆಟ್ಟಿಗೆಯಲ್ಲಿ ಏನಿರಬೇಕಿತ್ತು, ಪುಸ್ತಕದಲ್ಲಿ ಏನು ಬರೆಯಬೇಕಿತ್ತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಸುಟ್ಟಗಾಯದ ವಾರ್ಡಿನ ಶುಶ್ರೂಷಕಿ, ಬೆಂಗಳೂರು

ಮೇಡಂ, ನಾನು ಹದಿನಾಲ್ಕು ವರ್ಷಗಳಿಂದ ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನೀವು ಬರೆದದ್ದನ್ನು ಓದಿದಾಗ ನನಗೆ ಬೇಸರವಾದದ್ದು ಹಚ್ಚಿದ ಅರಿಶಿನಕ್ಕಿಂತ ಹೆಚ್ಚಾಗಿ ಆ ಎರಡು ಚೊಂಬು ನೀರಿನ ಬಗ್ಗೆ. ಸಾಂಬಾರು ನೆಲಕ್ಕೆ ಇಳಿದು ಹೋದ ಮೇಲೂ ಚರ್ಮದೊಳಗೆ ಸೇರಿದ ಬಿಸಿ ಕೆಳಗಿನ ಪದರಗಳನ್ನು ಸುಡುತ್ತಲೇ ಇರುತ್ತದೆ. ಅದನ್ನು ಹೊರಗೆಳೆಯಲು ನಲ್ಲಿಯ ತಣ್ಣೀರು ಪೂರ್ತಿ ಇಪ್ಪತ್ತು ನಿಮಿಷ ಗಾಯದ ಮೇಲೆ ಹರಿಯಬೇಕು. ಐದು ನಿಮಿಷಕ್ಕೆ ಉರಿ ಕಡಿಮೆಯಾಯಿತೆಂದು ನಿಲ್ಲಿಸುವವರೇ ಹೆಚ್ಚು. ಗಡಿಯಾರ ನೋಡಿಯೇ ನಿಲ್ಲಿಸಬೇಕು. ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ: ಸುಟ್ಟು ಮೂರು ಗಂಟೆಯೊಳಗೆ ಯಾವಾಗ ನೀರು ಹಾಯಿಸಿದರೂ ಪ್ರಯೋಜನವಿದೆ. ಆದ್ದರಿಂದ ಹದಿನೈದು ನಿಮಿಷ ತಡವಾಗಿದ್ದರೂ ಅಲ್ಲಿಂದಲೇ ಇಪ್ಪತ್ತು ನಿಮಿಷ ಹಾಯಿಸಬಹುದಿತ್ತು.

ನೀರು ಹರಿಯುತ್ತಿರುವಾಗಲೇ ಕಾಲುಂಗುರ, ಕಾಲ್ಗೆಜ್ಜೆ, ಬಳೆ, ಉಂಗುರ, ಕೈಗಡಿಯಾರಗಳನ್ನು ತೆಗೆಯಿರಿ. ಅರ್ಧ ಗಂಟೆ ಕಳೆದರೆ ಬಾವು ಬಂದು ಅವು ಬಿಗಿಯುತ್ತವೆ. ಬಿಸಿ ಪದಾರ್ಥದಲ್ಲಿ ನೆನೆದ ಬಟ್ಟೆಯನ್ನು ಬಿಚ್ಚಬೇಕು, ಆದರೆ ಚರ್ಮಕ್ಕೆ ಅಂಟಿದ ಭಾಗವನ್ನು ಎಳೆಯದೆ ಸುತ್ತಲೂ ಕತ್ತರಿಸಬೇಕು. ಗುಳ್ಳೆಗಳನ್ನು ಒಡೆಯಬಾರದು. ಗಾಯ ದೊಡ್ಡದಿದ್ದರೆ ಗಾಯವನ್ನಷ್ಟೇ ತಣಿಸಿ, ಮೈಯ ಉಳಿದ ಭಾಗಕ್ಕೆ ಹೊದಿಸಿ. ಮಕ್ಕಳು ಮತ್ತು ವಯಸ್ಸಾದವರು ಚಳಿಗೆ ಬೇಗ ನಡುಗುತ್ತಾರೆ.

ಗಾಯ ಅವರ ಅಂಗೈ ಮತ್ತು ಬೆರಳುಗಳು ಸೇರಿದಷ್ಟು ಅಗಲ ಮೀರಿದ್ದರೆ, ಅಥವಾ ಮುಖ, ಕೈ, ಪಾದ, ಕೀಲು, ಗುಪ್ತಾಂಗಗಳಲ್ಲಿದ್ದರೆ ಚಿಕ್ಕದೆನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು. ಚರ್ಮ ಬಿಳಿಚಿಕೊಂಡು ಅಲ್ಲಿ ನೋವೇ ಇಲ್ಲವೆಂದರೆ ಸಮಾಧಾನಪಡಬೇಡಿ; ಸುಟ್ಟದ್ದು ಆಳಕ್ಕೆ ಇಳಿದು ನರಗಳೂ ಸತ್ತಿವೆಯೆಂದು ಅದರ ಅರ್ಥ. ವಾಹನ ಬೇಕಿದ್ದರೆ 108ಕ್ಕೆ ಕರೆ ಮಾಡಿ. ಅದು ಬರುವವರೆಗೂ ನೀರು ಹರಿಯುತ್ತಿರಲಿ.

ಮದುವೆ ಅಡುಗೆಯ ಭಟ್ಟ, ಶಿರಸಿ

ಮೂವತ್ತೆರಡು ವರ್ಷಗಳಿಂದ ದೊಡ್ಡ ಅಡುಗೆ ಮಾಡುತ್ತಿರುವವನು ನಾನು. ಸಿಸ್ಟರ್ ಹೇಳಿದ ನೀರಿನ ವಿಚಾರ ಸರಿ. ಆದರೆ ನಮ್ಮಲ್ಲಿ ಮದುವೆಮನೆಯ ಐಸ್ ಪೆಟ್ಟಿಗೆಯಿಂದ ಒಂದು ತುಂಡು ತೆಗೆದು ಸುಟ್ಟ ಜಾಗಕ್ಕೆ ಒತ್ತಿ ಹಿಡಿಯುತ್ತೇವೆ, ಉರಿ ತಕ್ಷಣ ನಿಲ್ಲುತ್ತದೆ. ಐಸ್ ಇಲ್ಲದಿದ್ದರೆ ತಣ್ಣನೆಯ ಇಡ್ಲಿ ಹಿಟ್ಟನ್ನು ಬಳಿದದ್ದೂ ಉಂಟು.

ಪಾತ್ರೆ ಸಾಗಿಸುವ ಬಗ್ಗೆ ಮಾತ್ರ ನಾನು ಖಂಡಿತವಾಗಿ ಹೇಳಬಲ್ಲೆ. ಸಾರು, ಸಾಂಬಾರಿನ ಕೊಳಗವನ್ನು ಕಂಠದವರೆಗೆ ತುಂಬಿಸಿ ಎತ್ತಬಾರದು. ಮುಕ್ಕಾಲು ಪಾಲಿಗಿಂತ ಮೇಲಿದ್ದರೆ ಎರಡು ಪಾತ್ರೆಗೆ ಹಂಚಬೇಕು ಮತ್ತು ಮುಚ್ಚಳ ಹಾಕಿಯೇ ಎತ್ತಬೇಕು. ಕೊಳಗ ಹಿಡಿಯುವ ಬಟ್ಟೆ ಒಣಗಿರಬೇಕು. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಬಿಸಿ ಒಂದೇ ಕ್ಷಣದಲ್ಲಿ ಕೈಗೆ ಬರುತ್ತದೆ, ಹೊತ್ತವನು ಅರ್ಧ ದಾರಿಯಲ್ಲಿ ಕೈಬಿಡುತ್ತಾನೆ. ನಿಮ್ಮಲ್ಲಿ ಯಾವ ಬಟ್ಟೆಯಿಂದ ಹಿಡಿದಿದ್ದರು ಎಂಬುದನ್ನು ವಿಚಾರಿಸಿ ನೋಡಿ.

ಸುಟ್ಟಗಾಯದ ವಾರ್ಡಿನ ಶುಶ್ರೂಷಕಿ, ಬೆಂಗಳೂರು

ಭಟ್ಟರೇ, ಐಸ್ ಇಟ್ಟಾಗ ಉರಿ ನಿಲ್ಲುವುದು ನಿಜ, ನಿಲ್ಲುವುದು ಚರ್ಮ ಮರಗಟ್ಟುವುದರಿಂದ. ಅಲ್ಲಿಯ ಸಣ್ಣ ರಕ್ತನಾಳಗಳು ಮುದುಡಿ, ಸುಟ್ಟರೂ ಬದುಕಿಕೊಳ್ಳಬಹುದಾಗಿದ್ದ ಚರ್ಮಕ್ಕೆ ರಕ್ತ ಹೋಗದೆ ಗಾಯ ಇನ್ನಷ್ಟು ಆಳವಾಗುತ್ತದೆ. ಇಡ್ಲಿ ಹಿಟ್ಟು ಮೊದಲು ತಂಪೆನಿಸಿದರೂ ಬಳಿದ ಹಿಟ್ಟು ಬಿಸಿಯನ್ನು ಹೊತ್ತು ಹೊರಹೋಗುವುದಿಲ್ಲ, ಹರಿಯುವ ನೀರು ಹೋಗುತ್ತದೆ. ಹುದುಗು ಬಂದ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳೂ ಇರುತ್ತವೆ. ಒಣ ಬಟ್ಟೆಯ ಮಾತು ನೂರಕ್ಕೆ ನೂರು ಸರಿ. ಅಂಗೈ ಸುಟ್ಟುಕೊಂಡು ಬರುವ ಅಡುಗೆಯವರಲ್ಲಿ ಇದೇ ಕಾರಣವನ್ನು ನಾನು ಹಲವು ಸಲ ಕೇಳಿದ್ದೇನೆ.

ಇಬ್ಬರು ಮಕ್ಕಳ ತಾಯಿ, ಶಿವಮೊಗ್ಗ

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಚಿಕ್ಕ ಮಗ ಮೂರು ವರ್ಷದವನಿದ್ದಾಗ ಕಟ್ಟೆಯ ಅಂಚಿನಲ್ಲಿಟ್ಟಿದ್ದ ಚಹಾದ ಲೋಟವನ್ನು ಎಳೆದುಕೊಂಡ. ಎದೆಯ ಮೇಲೆ ಸುಟ್ಟಿತು. ನಮ್ಮತ್ತೆಯವರು ತುಪ್ಪ ಹಚ್ಚಿದರು. ಈಗ ಕಲೆ ಉಳಿದಿದೆ, ಅದಕ್ಕೆ ಯಾವ ಮುಲಾಮು ಹಚ್ಚಿದರೆ ಹೋಗುತ್ತದೆ? ಮತ್ತೆ ಮನೆಯವರೂ ಪುಸ್ತಕದಲ್ಲಿ ಬರೆದಿಡಬೇಕೇ?

ಸುಟ್ಟಗಾಯದ ವಾರ್ಡಿನ ಶುಶ್ರೂಷಕಿ, ಬೆಂಗಳೂರು

ಅಮ್ಮಾ, ಹಳೆಯ ಕಲೆಯನ್ನು ಕಾಣದೆ ನಾನು ಮುಲಾಮು ಹೇಳುವುದು ತಪ್ಪಾಗುತ್ತದೆ. ಚರ್ಮದ ವೈದ್ಯರಿಗೆ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ತೋರಿಸಿ. ಮನೆಯಲ್ಲಿ ಪುಸ್ತಕ ಬೇಕಿಲ್ಲ. ಮಗುವಿನ ಚರ್ಮ ತೆಳುವಾದ್ದರಿಂದ ನಾವು ಕುಡಿಯಬಲ್ಲ ಬಿಸಿಯ ಚಹಾವೂ ಅದನ್ನು ಸುಡಬಲ್ಲದು ಎಂಬುದೊಂದು ನೆನಪಿರಲಿ.

ಹೋಟೆಲ್ ಲೆಕ್ಕಪತ್ರದವರು, ಹುಬ್ಬಳ್ಳಿ

ನಾನು ಎರಡು ಹೋಟೆಲುಗಳ ಸಂಬಳ ಮತ್ತು ಇಎಸ್ಐ ಕಾಗದಪತ್ರ ನೋಡುತ್ತೇನೆ. ಇಎಸ್ಐ ವ್ಯಾಪ್ತಿಗೆ ಬರುವ ಸಂಸ್ಥೆಗಳಿಗೆ 11ನೇ ನಮೂನೆಯ ಅಪಘಾತ ಪುಸ್ತಕ ಎಂಬುದಿದೆ. ಅದರಲ್ಲಿ ಗಾಯಗೊಂಡವರ ಹೆಸರು, ವಿಮೆ ಸಂಖ್ಯೆ, ದಿನಾಂಕ, ಸಮಯ, ಸ್ಥಳ, ಗಾಯದ ಕಾರಣ ಮತ್ತು ಸ್ವರೂಪ, ಆ ಕ್ಷಣದಲ್ಲಿ ಅವರು ಏನು ಕೆಲಸ ಮಾಡುತ್ತಿದ್ದರು, ಸಾಕ್ಷಿ ಯಾರು ಎಂಬುದನ್ನು ತುಂಬಬೇಕು. 12ನೇ ನಮೂನೆಯ ವರದಿಯನ್ನೂ ಕಳುಹಿಸಬೇಕು, ಗಂಭೀರ ಅಪಘಾತವಾದರೆ ತಡಮಾಡಲೇಬಾರದು. ಗಾಯಗೊಂಡವರು ರಜೆಯಲ್ಲಿರುವ ದಿನಗಳ ಭತ್ಯೆಗೆ ಈ ಕಾಗದವೇ ಆಧಾರ.

ನಿಮ್ಮ ಪುಸ್ತಕದ ಆ ಸಾಲು ಕಾರಣವನ್ನು ಹೇಳುತ್ತಿಲ್ಲ, ತೀರ್ಪನ್ನು ಹೇಳುತ್ತಿದೆ. ನಾನು ಅಂತಹ ಪದವನ್ನು ನೋಡಿದರೆ ಹಿಂತಿರುಗಿಸಿ ಮತ್ತೆ ಬರೆಸುತ್ತೇನೆ. ಆದರೆ ಒಂದು ಮಾತು: ಕೆಲಸ ತಪ್ಪಿದಂತಹ ದೊಡ್ಡ ಗಾಯಗಳನ್ನು ಮಾತ್ರ ಬರೆದರೆ ಸಾಕು. ಬೆರಳು ಕುಯ್ದದ್ದು, ಕೈಗೆ ಎಣ್ಣೆ ಸಿಡಿದದ್ದು ಎಲ್ಲವನ್ನೂ ಬರೆಯುತ್ತ ಹೋದರೆ ಪುಸ್ತಕ ತುಂಬಿ ಯಾರೂ ಓದುವುದಿಲ್ಲ.

ಅಡುಗೆಮನೆ ಕೆಲಸಗಾರ, ಲೆಸ್ಟರ್ (ಮೂಲ ಹಾಸನ)

ಸರ್, ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ನಾನು ಇಂಗ್ಲೆಂಡಿನ ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿದ್ದೇನೆ. ಇಲ್ಲಿ ಏಳು ದಿನಕ್ಕಿಂತ ಹೆಚ್ಚು ಕೆಲಸಕ್ಕೆ ಬರಲಾಗದಂತಹ ಗಾಯವನ್ನು ಸರ್ಕಾರಕ್ಕೆ ವರದಿ ಮಾಡಬೇಕೆಂಬುದು ಬೇರೆ ವಿಷಯ. ನಮ್ಮ ಮುಖ್ಯ ಬಾಣಸಿಗರು ಬೀಳುವಂತಾಗಿ ಬೀಳದೆ ಉಳಿದದ್ದನ್ನೂ ಬರೆಸುತ್ತಾರೆ. ದೊಡ್ಡ ಗಾಯ ವರ್ಷಕ್ಕೊಮ್ಮೆ ಆಗಬಹುದು. ಒಂದೇ ಸಾಲಿನಿಂದ ಏನೂ ತಿಳಿಯುವುದಿಲ್ಲ. ಚಿಕ್ಕವು ಹತ್ತು ಒಟ್ಟಾದಾಗ ಅವೆಲ್ಲ ಒಂದೇ ಮೂಲೆಯಲ್ಲಿ, ಒಂದೇ ಗಂಟೆಯಲ್ಲಿ ಆಗುತ್ತಿವೆ ಎಂಬುದು ಕಾಣುತ್ತದೆ. ನಾವು ಅಡುಗೆಮನೆಯ ನೆಲದ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ಘಟನೆಗೂ ಆ ಜಾಗದಲ್ಲಿ ಒಂದು ಚುಕ್ಕೆ ಇಟ್ಟು, ಪಕ್ಕದಲ್ಲಿ ಸಮಯ ಬರೆಯುತ್ತೇವೆ. ಮೇಡಂ, ನಿಮ್ಮವರನ್ನು ಕೂರಿಸಿಕೊಂಡು ನೆನಪಿನಿಂದಲೇ ಅಂತಹ ನಕ್ಷೆಯೊಂದನ್ನು ಮಾಡಿಸಿ ನೋಡಿ. ಆದರೆ ಯಾರು ಬಿದ್ದರೆಂದು ಕೇಳಬೇಡಿ, ಎಲ್ಲಿ ಎಂದಷ್ಟೇ ಕೇಳಿ.

ಮೆಸ್ ಮೇಲ್ವಿಚಾರಕಿ, ಧಾರವಾಡ

ಲೆಸ್ಟರಿನವರು ಹೇಳಿದಂತೆ ನಿನ್ನೆ ಮಧ್ಯಾಹ್ನ ಆರು ಮಂದಿಯನ್ನೂ ಕೂರಿಸಿ, ದಿನಸಿ ಚೀಟಿಯ ಹಿಂಬದಿಯಲ್ಲಿ ಅಡುಗೆಮನೆಯ ನಕ್ಷೆ ಬರೆದು ಕೇಳಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಹಿರಿಯ ಅಡುಗೆಯವರು ತಾವೇ ಎರಡು ಸಲ ಜಾರಿದ್ದನ್ನು ಹೇಳಿದ ಮೇಲೆ ಉಳಿದವರು ಮಾತನಾಡಿದರು. ಈ ನಾಲ್ಕು ತಿಂಗಳಲ್ಲಿ ನೆನಪಿಗೆ ಬಂದದ್ದು ಹನ್ನೊಂದು ಘಟನೆ. ಪುಸ್ತಕದಲ್ಲಿ ಇದ್ದದ್ದು ಒಂದು.

ಹನ್ನೊಂದರಲ್ಲಿ ಏಳು ಚುಕ್ಕೆಗಳು ಅನ್ನ ಬಸಿಯುವ ಜಾಗದಿಂದ ಒಲೆಯವರೆಗಿನ ಎರಡು ಮಾರು ನೆಲದಲ್ಲೇ ಬಿದ್ದವು, ಅವುಗಳಲ್ಲಿ ಆರು ಬೆಳಿಗ್ಗೆ ಆರೂ ಮುಕ್ಕಾಲರಿಂದ ಏಳೂವರೆಯೊಳಗೆ. ಬಸಿದ ಗಂಜಿಯನ್ನು ಚರಂಡಿಗೆ ಬಿಡುತ್ತೇವೆ. ಚರಂಡಿಯ ಜಾಲರಿಗೆ ಅನ್ನದ ಅಗುಳು ಕಟ್ಟಿಕೊಂಡು ಗಂಜಿ ಹಿಂದಕ್ಕೆ ಹರಿದು ದಾರಿಯ ಮೇಲೆ ತೆಳುವಾಗಿ ನಿಲ್ಲುತ್ತದೆ. ಕಣ್ಣಿಗೆ ಅದು ಬರೀ ನೀರಿನಂತೆ ಕಾಣುತ್ತದೆ, ತಣ್ಣಗಾಗುತ್ತ ಬಂದಂತೆ ಅಂಟಾಗಿ ಜಾರುತ್ತದೆ. ಆ ಹೊತ್ತಿಗೇ ಸಾಂಬಾರಿನ ಪಾತ್ರೆ ಅದೇ ದಾರಿಯಲ್ಲಿ ಹೋಗಬೇಕು. ಗಾಯಗೊಂಡವರು ಹಾಕಿಕೊಂಡಿದ್ದ ರಬ್ಬರ್ ಚಪ್ಪಲಿಯ ಅಡಿ ಕನ್ನಡಿಯಂತೆ ಸವೆದಿತ್ತು. ಅದನ್ನು ಕೊಟ್ಟದ್ದು ನಾವೇ, ಎರಡು ವರ್ಷದ ಹಿಂದೆ. ಭಟ್ಟರು ಕೇಳಿದ ಬಟ್ಟೆ ಒಣಗಿಯೇ ಇತ್ತು, ಆದರೆ ಪಾತ್ರೆಗೆ ಮುಚ್ಚಳವಿರಲಿಲ್ಲ, ಕಂಠದಿಂದ ನಾಲ್ಕು ಬೆರಳು ಕೆಳಗಿನವರೆಗೆ ತುಂಬಿತ್ತು.

ಇಂದು ಬೆಳಿಗ್ಗೆ ಒಂದೇ ಬದಲಾವಣೆ ಮಾಡಿದೆವು: ಅನ್ನ ಬಸಿಯುವ ಮೊದಲೇ ಸಾಂಬಾರನ್ನು ಕಟ್ಟೆಗೆ ಸಾಗಿಸಿದೆವು. ಅದಕ್ಕಾಗಿ ಬೇಳೆಯನ್ನು ಕಾಲು ಗಂಟೆ ಮುಂಚೆ ಇಡಬೇಕಾಯಿತು, ಅಷ್ಟೇ. ಗಂಜಿ ಬಿದ್ದ ನೆಲವನ್ನು ಬರೀ ನೀರಿನಿಂದ ತಳ್ಳುತ್ತಿದ್ದೆವು. ಈಗ ಸೋಪಿನ ನೀರಿನಿಂದ ಉಜ್ಜಿ, ಬಿಸಿನೀರು ಹಾಕಿ, ವೈಪರಿನಿಂದ ಎಳೆದು ಒಣಗಿಸುತ್ತಿದ್ದೇವೆ.

ಮದುವೆ ಅಡುಗೆಯ ಭಟ್ಟ, ಶಿರಸಿ

ಇದು ಒಳ್ಳೆಯ ಕೆಲಸ. ಗಂಜಿಯ ಜಾರಿಕೆ ಎಣ್ಣೆಯ ಜಾರಿಕೆಗಿಂತ ಮೋಸದ್ದು, ಎಣ್ಣೆಯಾದರೆ ಹೊಳೆಯುತ್ತದೆ. ಎಣ್ಣೆ ಚೆಲ್ಲಿದಾಗ ನಾವು ಮೊದಲು ಒಲೆಯ ಬೂದಿ ಅಥವಾ ಮರದ ಹೊಟ್ಟು ಎರಚಿ ಎತ್ತಿ, ಆಮೇಲೆ ಸೋಪು ಹಾಕುತ್ತೇವೆ. ಮೊದಲೇ ನೀರು ಸುರಿದರೆ ಎಣ್ಣೆ ಇನ್ನೂ ಅಗಲಕ್ಕೆ ಹರಡುತ್ತದೆ.

ಉಳಿದ ನಾಲ್ಕು ಚುಕ್ಕೆಗಳು ಯಾವುವು? ಕುಯ್ದ ಗಾಯಗಳಿದ್ದರೆ ಹೇಳುತ್ತೇನೆ, ಕಾಫಿಪುಡಿ ಅಥವಾ ಅರಿಶಿನ ಒತ್ತಿ ಕಟ್ಟಿದರೆ ರಕ್ತ ನಿಲ್ಲುತ್ತದೆ, ಇದನ್ನು ನಾನು ನೂರು ಸಲ ಕಂಡಿದ್ದೇನೆ.

ಮೆಸ್ ಮೇಲ್ವಿಚಾರಕಿ, ಧಾರವಾಡ

ಒಂದು ಕುಕ್ಕರಿನ ಹಬೆ. ಮೂರು ಕುಯ್ದ ಗಾಯ. ಮೂರರಲ್ಲಿ ಎರಡು ಪಾತ್ರೆ ತೊಳೆಯುವ ತೊಟ್ಟಿಯಲ್ಲಿ, ನೊರೆಯ ನೀರಿನೊಳಗೆ ಯಾರೋ ಹಾಕಿಹೋಗಿದ್ದ ಚಾಕುವಿನಿಂದ ಆದದ್ದು. ತರಕಾರಿ ಹೆಚ್ಚುವಾಗ ಆದದ್ದು ಒಂದೇ. ಇನ್ನು ಮುಂದೆ ಚಾಕುಗಳನ್ನು ತೊಟ್ಟಿಗೆ ಹಾಕುವುದಿಲ್ಲ, ಪಕ್ಕದ ತಟ್ಟೆಯಲ್ಲಿ ಇಟ್ಟು, ಬಳಸಿದವರೇ ತೊಳೆಯುತ್ತಾರೆ.

ಸುಟ್ಟಗಾಯದ ವಾರ್ಡಿನ ಶುಶ್ರೂಷಕಿ, ಬೆಂಗಳೂರು

ಭಟ್ಟರೇ, ರಕ್ತ ನಿಂತದ್ದು ನೀವು ಒತ್ತಿದ್ದರಿಂದ, ಪುಡಿಯಿಂದಲ್ಲ. ಪುಡಿ ಗಾಯದೊಳಗೆ ಕೂತು ಬಣ್ಣ ಹಿಡಿಯುತ್ತದೆ, ಆಮೇಲೆ ಹೊಲಿಗೆ ಹಾಕುವವರಿಗೆ ನರ ಯಾವುದು, ಸ್ನಾಯುರಜ್ಜು ಯಾವುದು ಎಂದು ಕಾಣುವುದಿಲ್ಲ. ಶುದ್ಧವಾದ ಗಾಜ್ ಬಟ್ಟೆಯನ್ನಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ. ನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟುತ್ತಿದ್ದದ್ದು ಕಿತ್ತು ಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದನ್ನು ಇಡಿ, ಮೊದಲಿನದನ್ನು ತೆಗೆಯಬೇಡಿ.

ರಕ್ತ ನಿಂತ ಮೇಲೆ ಎರಡು ಪರೀಕ್ಷೆ ಮಾಡಿ. ಬೆರಳಿನ ತುದಿಯ ಗೆಣ್ಣನ್ನು ಮಡಚಲು, ನೇರ ಮಾಡಲು ಆಗುತ್ತದೆಯೇ? ಗಾಯದಿಂದ ಆಚೆಗಿನ ತುದಿಯಲ್ಲಿ ಎರಡೂ ಬದಿಗೆ ಮುಟ್ಟಿದ್ದು ತಿಳಿಯುತ್ತದೆಯೇ? ಇವುಗಳಲ್ಲಿ ಒಂದಕ್ಕೆ ಇಲ್ಲ ಎಂಬ ಉತ್ತರ ಬಂದರೂ, ಗಾಯ ಅರ್ಧ ಅಂಗುಲವೇ ಇರಲಿ, ಅದು ಪಟ್ಟಿ ಕಟ್ಟಿ ಕೆಲಸಕ್ಕೆ ಕಳುಹಿಸುವ ಗಾಯವಲ್ಲ. ಬೆರಳಿನ ತುಂಡೇ ಬೇರ್ಪಟ್ಟಿದ್ದರೆ ಅದನ್ನು ಒದ್ದೆ ಗಾಜ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಟ್ಟು ತನ್ನಿ. ತುಂಡು ನೇರವಾಗಿ ಐಸ್‌ಗೆ ತಾಗಬಾರದು. ಟಿಟಿ ಚುಚ್ಚುಮದ್ದನ್ನು ಕೊನೆಯದಾಗಿ ಯಾವಾಗ ಹಾಕಿಸಿದ್ದೆಂದು ಪ್ರತಿಯೊಬ್ಬರದ್ದೂ ನಿಮ್ಮ ಪುಸ್ತಕದ ಹಿಂದಿನ ಪುಟದಲ್ಲಿ ಇರಲಿ. ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು.

ಇನ್ನು ಪೆಟ್ಟಿಗೆ. ನಿಮ್ಮ ಅಡುಗೆಮನೆಗೆ ನಾನು ಇಡಿಸುವುದಾದರೆ ಇಷ್ಟು: ಬೇರೆ ಬೇರೆ ಅಳತೆಯ ಮುಚ್ಚಿದ ಪೊಟ್ಟಣದ ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್ ಸುರುಳಿ ನಾಲ್ಕು, ಗಾಯಕ್ಕೆ ಅಂಟದ ಡ್ರೆಸ್ಸಿಂಗ್, ಅಂಟುಪಟ್ಟಿ, ತೊಳೆಯಲು ಸಲೈನ್ ಬಾಟಲಿ, ತುದಿ ಮೊಂಡಾದ ಕತ್ತರಿ, ಚಿಮುಟ, ಬಳಸಿ ಬಿಸಾಡುವ ಕೈಗವಸು, ಒಂದು ಹೊದಿಕೆ, ಮತ್ತು ಆಹಾರ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯ ಹೊಸ ಸುರುಳಿ. ಕೊನೆಯದು ಸುಟ್ಟ ಗಾಯಕ್ಕೆ. ನೀರು ಹಾಯಿಸಿದ ಮೇಲೆ ಸುರುಳಿಯ ಮೊದಲ ಸುತ್ತನ್ನು ಬಿಸಾಡಿ, ನಂತರದ ಹಾಳೆಯನ್ನು ಗಾಯದ ಮೇಲೆ ಉದ್ದಕ್ಕೆ ಹಾಸಬೇಕು. ಬಾವು ಬರುವುದರಿಂದ ಬಿಗಿಯಾಗಿ ಸುತ್ತಬಾರದು. ಹತ್ತಿಯನ್ನು ತೆರೆದ ಗಾಯಕ್ಕೆ ಇಡಬೇಡಿ, ಅದರ ಎಳೆಗಳು ಒಳಗೆ ಸೇರಿಕೊಳ್ಳುತ್ತವೆ.

ಅಡುಗೆಮನೆ ಕೆಲಸಗಾರ, ಲೆಸ್ಟರ್ (ಮೂಲ ಹಾಸನ)

ಪೆಟ್ಟಿಗೆಗೆ ನೀಲಿ ಬಣ್ಣದ ನೀರು ತಾಗದ ಅಂಟುಪಟ್ಟಿಗಳನ್ನು ಸೇರಿಸಿ. ನೀಲಿ ಬಣ್ಣದ ಆಹಾರ ಹೆಚ್ಚು ಇಲ್ಲವಾದ್ದರಿಂದ ಕಳಚಿ ಅನ್ನದಲ್ಲಿ ಬಿದ್ದರೂ ಕಾಣುತ್ತದೆ. ಚರ್ಮದ ಬಣ್ಣದ್ದು ಸಾಂಬಾರಿನಲ್ಲಿ ತರಕಾರಿಯಂತೆಯೇ ಹೋಗಿಬಿಡುತ್ತದೆ. ಅದರ ಮೇಲೆ ಕೈಗವಸು ಹಾಕಿಸಿ.

ಹೋಟೆಲ್ ಲೆಕ್ಕಪತ್ರದವರು, ಹುಬ್ಬಳ್ಳಿ

ಗಾಯವನ್ನು ಮುಚ್ಚಿಯೇ ಆಹಾರ ಮುಟ್ಟಬೇಕೆಂಬುದು ಎಫ್ಎಸ್ಎಸ್ಎಐ ನಿಯಮಗಳ 4ನೇ ಅನುಸೂಚಿಯಲ್ಲೂ ಇದೆ, ತಪಾಸಣೆಗೆ ಬಂದವರು ನೋಡುತ್ತಾರೆ. ಚಿಕ್ಕ ಗಾಯಗಳ ಬಗ್ಗೆ ನಾನು ಹೇಳಿದ್ದನ್ನು ಮೇಡಂ ಅವರ ನಕ್ಷೆ ನೋಡಿದ ಮೇಲೆ ಹಿಂತೆಗೆದುಕೊಳ್ಳುತ್ತೇನೆ. ಆದರೂ 11ನೇ ನಮೂನೆಯ ಪುಸ್ತಕವನ್ನು ಗಾಯಗಳಿಗೆ ಮಾತ್ರ ಇಟ್ಟು, ಬೀಳದೆ ಉಳಿದಂತಹವುಗಳಿಗೆ ಅಡುಗೆಮನೆಯಲ್ಲಿ ಒಂದು ಬೇರೆ ನೋಟ್‌ಬುಕ್ ಇಡುವುದು ಒಳ್ಳೆಯದು.

ಒಂದು ಪ್ರಶ್ನೆ ಸಿಸ್ಟರಿಗೆ. ಔಷಧಿ ಅಂಗಡಿಯವರು ಪೆಟ್ಟಿಗೆಗೆ ಸಿಲ್ವರ್ ಸಲ್ಫಾಡಯಜೀನ್ ಮುಲಾಮು ಕೊಡುತ್ತಾರೆ, ನಮ್ಮ ಎರಡೂ ಹೋಟೆಲಿನಲ್ಲಿದೆ. ಅದು ನಿಮ್ಮ ಪಟ್ಟಿಯಲ್ಲಿಲ್ಲವಲ್ಲ?

ಸುಟ್ಟಗಾಯದ ವಾರ್ಡಿನ ಶುಶ್ರೂಷಕಿ, ಬೆಂಗಳೂರು

ಬೇಕೆಂದೇ ಬಿಟ್ಟಿದ್ದೇನೆ. ಆ ಬಿಳಿ ಮುಲಾಮು ಗಾಯದ ಮೇಲೆ ಪದರ ಕಟ್ಟುವುದರಿಂದ ಎಷ್ಟು ಆಳ ಸುಟ್ಟಿದೆಯೆಂದು ಅಳೆಯುವುದು ಕಷ್ಟವಾಗುತ್ತದೆ, ಮೇಲ್ಮೈಯ ಗಾಯ ಮಾಯುವುದನ್ನು ಅದು ತಡಮಾಡುತ್ತದೆಂಬ ಅಭಿಪ್ರಾಯವೂ ಬಲವಾಗಿದೆ. ಆದರೆ ಇದನ್ನು ಒಪ್ಪದ ವೈದ್ಯರೂ ಇದ್ದಾರೆ. ಆಸ್ಪತ್ರೆ ದೂರವಿರುವ ಹಳ್ಳಿಗಳಲ್ಲಿ ಸೋಂಕಿನ ಭಯಕ್ಕೆ ಅವರು ಇದನ್ನೇ ಕೊಡುತ್ತಾರೆ. ಧಾರವಾಡದಂತಹ ಊರಿನಲ್ಲಿ ವೈದ್ಯರು ನೋಡುವ ಮೊದಲು ಹಚ್ಚುವ ಅಗತ್ಯ ನನಗೆ ಕಾಣುವುದಿಲ್ಲ.

ಮದುವೆ ಅಡುಗೆಯ ಭಟ್ಟ, ಶಿರಸಿ

ನಮ್ಮ ಅಡುಗೆ ನಡೆಯುವುದು ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ ಇರುವ ಊರುಗಳಲ್ಲಿ. ನಾನು ಆ ಮುಲಾಮನ್ನು ಬಿಡುವುದಿಲ್ಲ. ಐಸನ್ನು ಬಿಡುತ್ತೇನೆ. ಆದರೆ ನಲ್ಲಿಯೇ ಇಲ್ಲದ ಚಪ್ಪರದಲ್ಲಿ ಇಪ್ಪತ್ತು ನಿಮಿಷ ನೀರು ಎಲ್ಲಿಂದ ತರುವುದು?

ಸುಟ್ಟಗಾಯದ ವಾರ್ಡಿನ ಶುಶ್ರೂಷಕಿ, ಬೆಂಗಳೂರು

ಕೈಕಾಲಾದರೆ ಬಕೆಟ್ಟಿನಲ್ಲಿ ಮುಳುಗಿಸಿ, ಬಿಸಿಯಾದಂತೆ ನೀರು ಬದಲಿಸಿ. ಬೇರೆ ಜಾಗವಾದರೆ ಕುಡಿಯುವ ನೀರಿನ ಎರಡು ಕ್ಯಾನ್‌ಗಳನ್ನು ಇದಕ್ಕೆಂದೇ ಬೇರೆ ಇಟ್ಟು, ಚೊಂಬಿನಿಂದ ಎಡೆಬಿಡದೆ ಸುರಿಯಿರಿ. ನಲ್ಲಿ ಇರುವವರಿಗೂ ಒಂದು ಮಾತು: ಬೇಸಿಗೆಯ ಮಧ್ಯಾಹ್ನ ಮೇಲ್ಛಾವಣಿಯ ಟ್ಯಾಂಕಿನ ನೀರು ಬಿಸಿಯಾಗಿಯೇ ಬರುತ್ತದೆ. ಮೊದಲು ನಿಮ್ಮ ಕೈಗೆ ಬಿಟ್ಟು ನೋಡಿ.

ಮೆಸ್ ಮೇಲ್ವಿಚಾರಕಿ, ಧಾರವಾಡ

ಪೆಟ್ಟಿಗೆ ಈಗ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ, ಒಲೆಯಿಂದ ದೂರದಲ್ಲಿ, ಬೀಗವಿಲ್ಲದೆ ಇದೆ. ಪ್ರತಿ ತಿಂಗಳ 1ರಂದು ತೆರೆದು ಎಣಿಸಿ ಸಹಿ ಹಾಕುವ ಹೊಣೆಯನ್ನು ಸಹಾಯಕಿಯರಲ್ಲಿ ಒಬ್ಬರಿಗೆ ಕೊಟ್ಟಿದ್ದೇನೆ. ಹಳೆಯ ಸಾಲಿನ ಕೆಳಗೆ, ಅದನ್ನು ಹೊಡೆದು ಹಾಕದೆ, ಹೀಗೆ ಬರೆದೆ:

"ಬೆಳಿಗ್ಗೆ 7.10. ಅನ್ನ ಬಸಿಯುವ ಜಾಗದ ಮುಂದೆ. ಜಾಲರಿ ಕಟ್ಟಿದ್ದರಿಂದ ಗಂಜಿ ದಾರಿಗೆ ಹರಿದಿತ್ತು. ಮುಚ್ಚಳವಿಲ್ಲದ ಸಾಂಬಾರಿನ ಪಾತ್ರೆಯನ್ನು ಇಬ್ಬರು ಒಯ್ಯುತ್ತಿದ್ದರು. ಮುಂದಿದ್ದವರ ಚಪ್ಪಲಿಯ ಅಡಿ ಸವೆದಿತ್ತು. ಬಲಪಾದ ಮತ್ತು ಮೊಣಕಾಲಿನ ಕೆಳಗೆ ಸುಟ್ಟಿದೆ. ಅರಿಶಿನ, ಪೇಸ್ಟ್ ಹಚ್ಚಲಾಯಿತು. ನೀರು ಹಾಕಿದ್ದು ಸುಮಾರು 7.25ಕ್ಕೆ, ಎರಡು ಚೊಂಬು. ಪೆಟ್ಟಿಗೆಗೆ ಬೀಗ ಹಾಕಲಾಗಿತ್ತು. ಆಸ್ಪತ್ರೆ ತಲುಪಿದ್ದು 8.30."

ಗಾಯಗೊಂಡವರ ಮನೆಗೆ ಹೋಗಿ ಇದನ್ನು ಓದಿ ಹೇಳಿ, ಅವರು ಒಪ್ಪಿದ ಮೇಲೆ ಸಹಿ ಮಾಡಿಸಿಕೊಂಡೆ. ವ್ಯವಸ್ಥಾಪಕರು ಇನ್ನೂ ಸಹಿ ಹಾಕಿಲ್ಲ. ಚಪ್ಪಲಿ ಮತ್ತು ಬೀಗದ ಎರಡು ವಾಕ್ಯಗಳನ್ನು ತೆಗೆಯಬೇಕೆಂದು ಕೇಳುತ್ತಿದ್ದಾರೆ. ನಾನು ತೆಗೆದಿಲ್ಲ.